ಶಿರಸಿ ಪೇಟೆ ಕಟ್ಟಡ, 1.60 ಕೋಟಿ: ಬಾಡಿಗೆಗೆ ತಾಳೆ ಬರ್ತದಾ?

*(ಕುಟುಂಬದ ವಾಟ್ಸಾಪ್ ಗುಂಪು)*

ಪ್ರಸನ್ನ: ↪ ಫಾರ್ವರ್ಡ್: "ಶಿರಸಿ ಪೇಟೆ. ಕೆಳಗೆ 3 ಅಂಗಡಿ, ಮೇಲೆ 1,000 ಚದರಡಿ ಹಾಲ್. ತಿಂಗಳ ಬಾಡಿಗೆ 70,000. ವರ್ಷಕ್ಕೆ 8.40 ಲಕ್ಷ. ಬಾಡಿಗೆ ಬೆಲೆಯ ಶೇ. 5 ಎಂಬ ಲೆಕ್ಕದಲ್ಲಿ ಬೆಲೆ 1.68 ಕೋಟಿ. ಹೇಳುವ ದರ 1.60 ಕೋಟಿ ಮಾತ್ರ."
ಎಲ್ಲರೂ ಸೇರಿ ತಗೊಳ್ಳುವ ಅಂತ ಹೇಳಿದ್ವಲ್ಲ, ಇದು ಹೆಂಗೆ? ಎಂಟು ಲಕ್ಷ ಕಡಿಮೆಗೇ ಸಿಗ್ತಾ ಇದೆ.

ಗಣಪಣ್ಣ: ಪೇಟೆ ಜಾಗ. ತಡ ಮಾಡಿದ್ರೆ ಬೇರೆಯವ್ರು ಟೋಕನ್ ಕೊಡ್ತಾರೆ.

ಕಾರವಾರ ಮಾವ: ಕೊಟ್ಟರೆ ಕೊಡಲಿ. ಪ್ರಸನ್ನ, 70,000 ಯಾರು ಯಾರು ಎಷ್ಟೆಷ್ಟು ಕೊಡ್ತಾರೆ, ಬಿಡಿಸಿ ಹಾಕು.

ಪ್ರಸನ್ನ: ಮೂಲೆ ಅಂಗಡಿ 18,000. ಉಳಿದ ಎರಡು ತಲಾ 15,000. ಮೇಲಿನ ಹಾಲ್ 22,000.

ಸುಧಕ್ಕ: ಹಾಲ್ ಯಾರಿಗೆ ಕೊಟ್ಟದ್ದು?

ಪ್ರಸನ್ನ: ಮಾಲೀಕರ ಭಾವನ ಫರ್ಮಿಗೆ. ಕರಾರು ಅದೆ, 11 ತಿಂಗಳದ್ದು. ಇನ್ನೂ 5 ತಿಂಗಳು ಬಾಕಿ.

ಸುಧಕ್ಕ: ಹಾಗಾದ್ರೆ ಅಲ್ಲೇ ನಿಲ್ಲು. ಹಾಲ್‌ಗೆ ಚದರಡಿಗೆ 22 ರೂಪಾಯಿ ಆಯ್ತು. ಆ ಸಾಲಿನಲ್ಲೇ ಬೇರೆಯವರ ಮಹಡಿ 12ಕ್ಕೆ ಹೋಗ್ತಾ ಅದೆ ಅಂತ ಮೊನ್ನೆ ನೀನೇ ಬರೆದಿದ್ದೆ. ಮೆಟ್ಟಿಲು ಹತ್ತಿ ಗಿರಾಕಿ ಬರುವುದಿಲ್ಲ ಅಂತಲೇ ಮಹಡಿಗೆ ಕಡಿಮೆ ಬಾಡಿಗೆ. ಸಂಬಂಧಿಕರ ಬಾಡಿಗೆಯನ್ನು ಮಾರುಕಟ್ಟೆ ಬಾಡಿಗೆ ಅಂತ ಹಿಡಿಯಲಿಕ್ಕೆ ಬರುವುದಿಲ್ಲ.

ಗಣಪಣ್ಣ: ಕರಾರಿನಲ್ಲಿ ಬರೆದದ್ದು ಸುಳ್ಳಾ ಹಾಗಾದ್ರೆ?

ಸುಧಕ್ಕ: ಸುಳ್ಳು ಅಂತ ನಾನು ಹೇಳಿಲ್ಲ ಗಣಪಣ್ಣ. ನೋಡಬೇಕಾದ್ದು ಎರಡು. ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ 22,000 ತಿಂಗಳು ತಿಂಗಳು ಬಂದಿದ್ಯಾ, ಅಥವಾ ಈಚೆಗೆ ಒಂದೆರಡು ಸಲ ಮಾತ್ರವಾ? ಇನ್ನೊಂದು, ಆ ಹಾಲ್‌ನ ಆರ್.ಆರ್. ನಂಬರಿನ ಹೆಸ್ಕಾಂ ಬಿಲ್ಲು. ಯೂನಿಟ್ ಹೆಚ್ಚುಕಮ್ಮಿ ಸೊನ್ನೆ ಇದ್ದು ನಿಗದಿತ ಶುಲ್ಕ ಮಾತ್ರ ಬರ್ತಾ ಇದ್ರೆ ಒಳಗೆ ಯಾರೂ ಕೆಲಸ ಮಾಡ್ತಾ ಇಲ್ಲ ಅಂತ ಅರ್ಥ.

ಕಾರವಾರ ಮಾವ: ಬಾಡಿಗೆ ನಿಜವಾಗಿ ಬರ್ತಿದ್ರೂ ಅದರ ಬೆಲೆ ಎಷ್ಟು ಅಂತ ನೋಡು. ಮಾರುಕಟ್ಟೆಗಿಂತ 10,000 ಹೆಚ್ಚು, ವರ್ಷಕ್ಕೆ 1.20 ಲಕ್ಷ. ಶೇ. 5ಕ್ಕೆ ಭಾಗಿಸಿದ್ರೆ ಅದೊಂದೇ 24 ಲಕ್ಷ ಬೆಲೆ ತೋರಿಸ್ತದೆ. ಭಾಗಿಸೋದು ಅಂದ್ರೆ ಈ ಆದಾಯ ಹೀಗೇ ಮುಂದುವರೀತದೆ ಅಂತ ಒಪ್ಪಿಕೊಂಡ ಹಾಗೆ. ಇದು ಬರೋದು ಐದು ತಿಂಗಳು. 50,000 ರೂಪಾಯಿ ಅಂತ ಪ್ರತ್ಯೇಕ ಕೂಡಿಸು, ಸಾಕು.

ಪ್ರಸನ್ನ: ಸರಿ ಮಾವ. ಹಾಲ್ 12,000 ಹಿಡಿದೆ. ಒಟ್ಟು 60,000, ವರ್ಷಕ್ಕೆ 7.20 ಲಕ್ಷ. ಶೇ. 5ಕ್ಕೆ 1.44 ಕೋಟಿ. ಈಗ್ಲೂ ದೂರ ಇಲ್ಲ, ಚೌಕಾಶಿ ಮಾಡಬಹುದು.

ಕಾರವಾರ ಮಾವ: ತಡೆಯೋ ಮಾರಾಯ. ಕೈಗೆ ಬರುವುದು 7.20 ಅಲ್ಲ. ಖಾಲಿ ಬೀಳುವುದನ್ನು ಮೊದಲು ಕಳೆ. ಕೆಳಗಿನ ಅಂಗಡಿ ಬಿಟ್ಟುಹೋದ್ರೆ ಬೇಗ ತುಂಬ್ತದೆ, ಶೇ. 4 ಸಾಕು, ಅಂದಾಜು 23,000. ಮಹಡಿ ಹಾಗಲ್ಲ. ಮೂರು ವರ್ಷಕ್ಕೊಮ್ಮೆ ಆರು ತಿಂಗಳು ಖಾಲಿ ಅಂತ ಹಿಡಿದ್ರೆ ವರ್ಷಕ್ಕೆ ಎರಡು ತಿಂಗಳು, 24,000. ಉಳಿದದ್ದು 6.73 ಲಕ್ಷ.

ಸುಧಕ್ಕ: ಆಮೇಲೆ ಖರ್ಚು. ನಗರಸಭೆ ತೆರಿಗೆ 34,000, ವಿಮೆ 8,000. ಪಂಪು, ಮೆಟ್ಟಿಲ ದೀಪ, ಟ್ಯಾಂಕ್ ತೊಳೆಸುವುದು 16,000. ಬಾಡಿಗೆ ವಸೂಲಿ, ಮೇಲುಸ್ತುವಾರಿ 20,000. ನಾವೇ ನೋಡ್ಕೊಳ್ತೇವೆ ಅಂದ್ರೂ ಇದನ್ನು ಬಿಡಬೇಡಿ, ನಮ್ಮ ಸಮಯಕ್ಕೂ ಬೆಲೆ ಅದೆ.

ಗಣಪಣ್ಣ: ರಿಪೇರಿ?

ಸುಧಕ್ಕ: 45,000. ಟೆರೇಸ್ ಮೇಲೆ ಶೀಟಿನ ಮಾಡು ಅದೆ, 22 ವರ್ಷದ ಕಟ್ಟಡ. ನಮ್ಮ ಮಳೆಗೆ ಬೋಲ್ಟಿನ ತೂತಿನಿಂದಲೇ ಶೀಟು ತುಕ್ಕು ಹಿಡೀತದೆ, ಪಶ್ಚಿಮದ ಗೋಡೆಗೆ ಬಣ್ಣ ನಿಲ್ಲುವುದಿಲ್ಲ. ಒಂದು ವರ್ಷ ಏನೂ ಖರ್ಚಿಲ್ಲ, ಮತ್ತೊಂದು ವರ್ಷ ಎರಡು ಲಕ್ಷ. ಸರಾಸರಿ ಹಿಡಿಯಬೇಕು. ಮಾರುವವರು ತೋರಿಸುವುದು ಯಾವಾಗಲೂ ಖರ್ಚಿಲ್ಲದ ವರ್ಷವನ್ನೇ 😀
ಒಟ್ಟು ಖರ್ಚು 1.23 ಲಕ್ಷ. ನಿವ್ವಳ 5.50 ಲಕ್ಷ.

ಪ್ರಸನ್ನ: ಆದಾಯ ತೆರಿಗೆಯಲ್ಲಿ ಶೇ. 30 ಕಳೀತಾರಲ್ಲ, ಅದನ್ನೇ ಹಾಕಿದ್ರೆ ಆಗ್ತಿರಲಿಲ್ವಾ?

ಸುಧಕ್ಕ: ಅದು ಕಾನೂನು ಕೊಟ್ಟ ಕಡಿತ. ನಿಜ ಖರ್ಚು ಎಷ್ಟೇ ಇರಲಿ ಅಷ್ಟೇ ಸಿಗ್ತದೆ. ಬೆಲೆ ಕಟ್ಟಲಿಕ್ಕೆ ಈ ಕಟ್ಟಡದ ಖರ್ಚೇ ಬೇಕು.

ಗಣಪಣ್ಣ: 5.50ನ್ನು ಶೇ. 5ಕ್ಕೆ ಭಾಗಿಸಿದ್ರೆ 1.10 ಕೋಟಿ. ಆ ರೇಟಿಗೆ ಪೇಟೆಯಲ್ಲಿ ಯಾರು ಕೊಡ್ತಾರೆ? ಈ ಶೇ. 5 ಎಲ್ಲಿಂದ ಬಂತು ಅಂತ ಯಾರೂ ಕೇಳ್ತಾ ಇಲ್ಲ. ಬ್ಯಾಂಕ್ ಠೇವಣಿ ದರ ಹಿಡೀಬೇಕಲ್ವಾ?

ಕಾರವಾರ ಮಾವ: ಒಳ್ಳೆ ಪ್ರಶ್ನೆ. ಶೇ. 7ರ ಠೇವಣಿ ದರ ಹಿಡಿದ್ರೆ ಬೆಲೆ 78.5 ಲಕ್ಷಕ್ಕೆ ಬೀಳ್ತದೆ, ಆ ಬೆಲೆಗೆ ಖಂಡಿತ ಯಾರೂ ಕೊಡುವುದಿಲ್ಲ. ಠೇವಣಿ ಬಡ್ಡಿ ಏರುವುದಿಲ್ಲ, ಅಸಲೂ ಅಷ್ಟೇ ಉಳೀತದೆ. ಬಾಡಿಗೆ ಏರ್ತದೆ, ಜಾಗದ ಬೆಲೆಯೂ ಏರ್ತದೆ. ಅದಕ್ಕೇ ಕೊಳ್ಳುವವರು ಇವತ್ತು ಕಡಿಮೆ ಯೀಲ್ಡ್, ಅಂದ್ರೆ ಹಾಕಿದ ದುಡ್ಡಿಗೆ ಕಡಿಮೆ ಆದಾಯ, ಒಪ್ತಾರೆ.
ದರ ಸಿಗುವುದು ಅಲ್ಲೇ ಆದ ಮಾರಾಟದಿಂದ. ಹತ್ತಿರ ಎರಡು ಕಟ್ಟಡ ಈಚೆಗೆ ಹೋಗಿವೆ. ಒಂದು 75 ಲಕ್ಷಕ್ಕೆ, ನಿವ್ವಳ 3.60 ಲಕ್ಷ, ಅಂದ್ರೆ ಶೇ. 4.8. ಮತ್ತೊಂದು ಒಂದು ಕೋಟಿಗೆ, ನಿವ್ವಳ 5.20, ಶೇ. 5.2. ಎರಡಕ್ಕೂ ಈಗ ಕಳೆದ ಹಾಗೆಯೇ ಖಾಲಿ, ಖರ್ಚು ಎಲ್ಲ ಕಳೆದೇ ನಿವ್ವಳ ತೆಗೆದದ್ದು. ಬ್ರೋಕರ್ ಮಾಡಿದ ಎಡವಟ್ಟು ಇಲ್ಲೇ: ನಿವ್ವಳದಿಂದ ಬಂದ ಶೇ. 5ನ್ನು ತಂದು ಒಟ್ಟು ಬಾಡಿಗೆಗೆ ಹಾಕಿದ.

ಸುಧಕ್ಕ: ಮಾವ, ಆ 75 ಲಕ್ಷ ಪತ್ರದಲ್ಲಿರುವ ಮೊತ್ತವಾ, ನಿಜ ಕೊಟ್ಟದ್ದಾ? ಪತ್ರದಲ್ಲಿ ಮಾರ್ಗಸೂಚಿ ದರದಷ್ಟೇ ತೋರಿಸಿದ್ರೆ ಯೀಲ್ಡ್ ಸುಮ್ಮನೆ ಹೆಚ್ಚಾಗಿ ಕಾಣ್ತದೆ.

ಕಾರವಾರ ಮಾವ: ಎರಡನ್ನೂ ಬ್ಯಾಂಕ್ ಸಾಲದಲ್ಲೇ ಕೊಂಡದ್ದು, ಪತ್ರದಲ್ಲಿ ಪೂರ್ತಿ ಮೊತ್ತ ಅದೆ. ಆದ್ರೂ ಎರಡೇ ಉದಾಹರಣೆ, ಅದರ ಮೇಲೆ ಖಡಾಖಂಡಿತ ಹೇಳಲಿಕ್ಕೆ ಆಗುವುದಿಲ್ಲ. ಶೇ. 4.5ಕ್ಕೆ 1.22 ಕೋಟಿ, ಶೇ. 5.5ಕ್ಕೆ ಒಂದು ಕೋಟಿ. ಅರ್ಧ ಪರ್ಸೆಂಟ್ ಆಚೀಚೆ ಆದ್ರೆ ಇಷ್ಟು ಅಂತರ. ಹಾಗಾಗಿ ನಾನು ಒಂದೇ ಅಂಕಿ ಹೇಳುವುದಿಲ್ಲ, ಒಂದರಿಂದ 1.22ರ ಒಳಗೆ.

ಪ್ರಸನ್ನ: ಡಿಪಾಸಿಟ್ 5 ಲಕ್ಷ ಅದೆ. ಅದರ ಬಡ್ಡಿ ಆದಾಯಕ್ಕೆ ಸೇರಿಸ್ಬೇಕಾ?

ಕಾರವಾರ ಮಾವ: ಆ ಎರಡು ಕಟ್ಟಡದ ನಿವ್ವಳಕ್ಕೆ ನಾನು ಸೇರಿಸಿಲ್ಲ, ಇಲ್ಲಿಯೂ ಬೇಡ. ಆದ್ರೆ ಆ 5 ಲಕ್ಷ ಮಾರುವವರ ಕೈಯಲ್ಲಿ ಅದೆ. ಬಾಡಿಗೆದಾರರು ಬಿಡುವಾಗ ವಾಪಸ್ ಕೊಡಬೇಕಾದ್ದು ನಾವು. ಪತ್ರದ ದಿನ ನಮಗೆ ದಾಟಿಸಲಿ, ಇಲ್ಲ ಬೆಲೆಯಲ್ಲಿ ಮುರಿದುಕೊಳ್ಳಲಿ.

ಗಣಪಣ್ಣ: ಮಾಲೀಕರು ಬಾಡಿಗೆ ನೋಡಿ 1.60 ಹೇಳಿದ್ದಲ್ಲ. ಜಾಗ ಎರಡು ಗುಂಟೆ. ಮುಂದೆ ಕೆಡವಿ ಮೂರು ಮಹಡಿ ಎಬ್ಬಿಸಬಹುದು.

ಸುಧಕ್ಕ: ಆಗ ಅದು ಬೇರೆ ಲೆಕ್ಕ. ಖಾಲಿ ಜಾಗದ ಬೆಲೆಯಿಂದ ಕೆಡವುವ ಖರ್ಚು, ಮೂರು ಅಂಗಡಿಯವರನ್ನು ಎಬ್ಬಿಸುವ ಖರ್ಚು, ಅಲ್ಲಿಯವರೆಗಿನ ಕಾಲ ಎಲ್ಲ ಕಳೀಬೇಕು. ರಸ್ತೆ ಅಗಲೀಕರಣದ ಗೆರೆ ಒಳಗೆ ಎಷ್ಟು ಹೋಗ್ತದೆ ಅಂತ ನಗರಸಭೆಯಲ್ಲಿ ಕೇಳದೆ ಎರಡು ಗುಂಟೆ ಅಂತ ಹಿಡಿಯಲಿಕ್ಕೂ ಬರುವುದಿಲ್ಲ. ಬಾಡಿಗೆಯ ಬೆಲೆಯ ಮೇಲೆ ಜಾಗದ ಬೆಲೆ ಕೂಡಿಸೋದಂತೂ ತಪ್ಪು, ಅದೇ ಜಾಗ ಎರಡು ಸಲ ಲೆಕ್ಕಕ್ಕೆ ಬರ್ತದೆ.

ಕಾರವಾರ ಮಾವ: ಈಗ 1.60ನ್ನು ತಿರುಗಿಸಿ ನೋಡು. ನಿವ್ವಳ 5.50 ಅಂದ್ರೆ ಶೇ. 3.4 ಯೀಲ್ಡ್. ಸ್ಟ್ಯಾಂಪ್ 5, ಸೆಸ್ಸು ಸರ್ಚಾರ್ಜು 0.6, ನೋಂದಣಿ 2, ಒಟ್ಟು ಶೇ. 7.6, ಅಂದ್ರೆ 12 ಲಕ್ಷದ ಮೇಲೆ. ಅದೂ ಸೇರಿದ್ರೆ ಶೇ. 3.2. ಶೇ. 5 ಬರಬೇಕಾದ್ರೆ ನಿವ್ವಳ 8 ಲಕ್ಷ ಬೇಕು, ತಿಂಗಳಿಗೆ ಇನ್ನೂ ಹತ್ತಿರ 21,000 ಉಳಿಯಬೇಕು. ಅಷ್ಟು ಬಾಡಿಗೆ ಏರಿಸಲಿಕ್ಕೆ ಯಾವ ಅಂಗಡಿಯಲ್ಲಿ ಜಾಗ ಅದೆ ಹೇಳು.

ಗಣಪಣ್ಣ: ಮೂಲೆ ಅಂಗಡಿ 18,000 ಕಡಿಮೆ ಆಯ್ತು, ಹಳೇ ಬಾಡಿಗೆದಾರ. 22 ಆದ್ರೂ ಬರ್ಬೇಕು.

ಕಾರವಾರ ಮಾವ: ಅದು ನ್ಯಾಯವಾದ ಮಾತು. ಪಕ್ಕದ ಮೂಲೆಯ ಕರಾರು ತೋರಿಸಿದ್ರೆ ಒಪ್ತೇನೆ. 4,000 ಹೆಚ್ಚಾದ್ರೆ ವರ್ಷಕ್ಕೆ 48,000, ಖಾಲಿಯ ಶೇ. 4 ಕಳೆದು 46,000, ಬೆಲೆಗೆ 9 ಲಕ್ಷ ಸೇರ್ತದೆ. ಕರಾರು ಮುಗಿಯುವ ತನಕ ಕಾಯುವುದಕ್ಕೆ ಸ್ವಲ್ಪ ಕಳೆ. 1.18ರ ವರೆಗೆ ಹೋಗಬಹುದು, ಅದಕ್ಕಿಂತ ಮೇಲೆ ನಾನಿಲ್ಲ.

ಗಣಪಣ್ಣ: 1.40ಕ್ಕಿಂತ ಕೆಳಗೆ ಅವರು ಇಳಿಯುವುದಿಲ್ಲ, ಬರೆದಿಟ್ಕೊಳ್ಳಿ.

ಸುಧಕ್ಕ: ಇಳಿಯದಿದ್ರೆ ಬೇಡ. ಪ್ರಸನ್ನ, ಮೊದಲು ಸ್ಟೇಟ್‌ಮೆಂಟು, ಹಾಲ್‌ನ ಕರೆಂಟ್ ಬಿಲ್ಲು, ನಾಲ್ಕೂ ಕರಾರಿನ ಪ್ರತಿ, ಇ-ಖಾತಾ ಕೇಳು. ಟೋಕನ್ ಮಾತ್ರ ಕೊಡಬೇಡ.

ಪ್ರಸನ್ನ: ಕೇಳಿದೆ ಅಕ್ಕ. ಕರೆಂಟ್ ಬಿಲ್ ಯಾಕೆ ಅಂತ ಬ್ರೋಕರ್ ಎರಡು ಸಲ ಕೇಳಿದ್ರು.