ಹನ್ನೊಂದು ಲೇಖನಗಳಲ್ಲಿ ಹುಡುಕಿದರೆ ಸಿಗುವುದು ನಾಲ್ಕೇ

ಪ್ರಶ್ನೆ (ಸಂಶೋಧಕಿ): ಅಂತರ್ಜಲದ ಫ್ಲೋರೈಡ್ ಕುರಿತು ನನ್ನ ಹನ್ನೊಂದು ಲೇಖನಗಳು ಪ್ರಕಟವಾಗಿವೆ. ಆದರೂ ಜೊತೆಗೂಡಿ ಕೆಲಸ ಮಾಡೋಣ ಎಂದು ಯಾರೂ ಕೇಳಿಲ್ಲ, ಉಪನ್ಯಾಸಕ್ಕೂ ಕರೆದಿಲ್ಲ. ಗೂಗಲ್ ಸ್ಕಾಲರ್‌ನಲ್ಲಿ ನನ್ನ ಹೆಸರು ಹಾಕಿದರೆ ನಾಲ್ಕೇ ಲೇಖನಗಳು ಬರುತ್ತವೆ. ಎಲ್ಲಿಂದ ಆರಂಭಿಸಲಿ?

ಪ್ರಾಧ್ಯಾಪಕರು: ಅಚ್ಚಾದ ಎಲ್ಲ ಪಿಡಿಎಫ್‌ಗಳನ್ನೂ ರಿಸರ್ಚ್‌ಗೇಟ್‌ಗೆ ಹಾಕಿಬಿಡಿ. ಓದುವವರು ಹೆಚ್ಚಿದಂತೆ ಕರೆಗಳೂ ಬರುತ್ತವೆ.

ವಿಶ್ವವಿದ್ಯಾಲಯದ ಗ್ರಂಥಪಾಲಕಿ: ಸರ್, ಓದಲು ಸಿಗಬೇಕು ಎನ್ನುವುದು ಸರಿ. ಆದರೆ ಪ್ರಕಾಶಕರು ಪುಟ ಕಟ್ಟಿದ ಅಂತಿಮ ಪ್ರತಿಯನ್ನು ಸಾರ್ವಜನಿಕವಾಗಿ ಹಾಕಲು ಎಷ್ಟೋ ಒಪ್ಪಂದಗಳು ಬಿಡುವುದಿಲ್ಲ. ಸ್ವೀಕೃತವಾದ ಹಸ್ತಪ್ರತಿಯನ್ನು ಹಾಕಲು ಹಲವು ಪತ್ರಿಕೆಗಳು, ಕೆಲವೊಮ್ಮೆ ಒಂದಷ್ಟು ತಿಂಗಳು ಕಳೆದ ಮೇಲೆ, ಒಪ್ಪುತ್ತವೆ. ಒಪ್ಪಂದವನ್ನು ಓದಿಯೇ ಹಾಕಬೇಕು.

ಮೇಡಂ, ನಿಮ್ಮ ತೊಡಕು ಬಹುಶಃ ಹೆಸರಿನಲ್ಲಿದೆ. ಕೆಲವು ಲೇಖನಗಳಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಕೆಲವದರಲ್ಲಿ ಹಿಂದೆ, ಇನ್ನು ಕೆಲವದರಲ್ಲಿ ಬಿಡಿಸಿ ಬರೆದಿದ್ದರೆ, ಹುಡುಕುವವರ ಕಣ್ಣಿಗೆ ನೀವು ಮೂವರು ಬೇರೆ ಬೇರೆ ವ್ಯಕ್ತಿಗಳು. ಮೊದಲು ಸಂಶೋಧಕರನ್ನು ಒಬ್ಬೊಬ್ಬರಾಗಿ ಗುರುತಿಸುವ ಹದಿನಾರು ಅಂಕಿಯ ORCID ಗುರುತು ಪಡೆಯಿರಿ, ಅದಕ್ಕೆ ಶುಲ್ಕವಿಲ್ಲ. ಅಲ್ಲಿನ ಮಾಹಿತಿ ಎಲ್ಲರಿಗೂ ಕಾಣುವಂತೆ ಇದೆಯೇ ನೋಡಿ, ಏಕೆಂದರೆ Only me ಎಂದು ಉಳಿದಿದ್ದರೆ ಹೊರಗಿನವರಿಗೆ ಪುಟ ಖಾಲಿಯಾಗಿಯೇ ಕಾಣುತ್ತದೆ. ಲಾಗ್‌ಔಟ್ ಆಗಿ ತೆರೆದರೆ ತಿಳಿಯುತ್ತದೆ.

ಆಮೇಲೆ ಸ್ಕಾಲರ್ ಪ್ರೊಫೈಲ್‌ನಲ್ಲಿ ಹೆಸರಿನ ಪ್ರತಿಯೊಂದು ರೂಪವನ್ನೂ ಹಾಕಿ ಹುಡುಕಿ, ನಿಮ್ಮ ಲೇಖನಗಳನ್ನು ಕೈಯಾರೆ ಸೇರಿಸಿ. ಲೇಖನಗಳು ತಾವಾಗಿಯೇ ಸೇರುವ ಆಯ್ಕೆಯನ್ನು ಬಿಟ್ಟು, ಮೊದಲು ಇಮೇಲ್‌ನಲ್ಲಿ ನಿಮ್ಮನ್ನು ಕೇಳುವ ಆಯ್ಕೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಅದೇ ಹೆಸರಿನ ಬೇರೆಯವರ ಲೇಖನಗಳೂ ನಿಮ್ಮ ಪಟ್ಟಿಗೆ ಬಂದು ಕೂರುತ್ತವೆ. ಆಸಕ್ತಿಯ ಜಾಗದಲ್ಲಿ 'ಪರಿಸರ ರಸಾಯನಶಾಸ್ತ್ರ' ಎಂದಷ್ಟೇ ಇದ್ದರೆ ಸಾವಿರಾರು ಜನರ ನಡುವೆ ಕಳೆದುಹೋಗುತ್ತೀರಿ. ಗೋಷ್ಠಿ ಏರ್ಪಡಿಸುವವರಿಗೆ ಬೇಕಾಗುವುದು ಒಂದು ನಿರ್ದಿಷ್ಟ ವಿಷಯವನ್ನು ಬಲ್ಲವರು. ಆದ್ದರಿಂದ ವಿಭಾಗದ ಪುಟದಲ್ಲಿ 'ಕೊಳವೆಬಾವಿ ನೀರಿನ ಫ್ಲೋರೈಡನ್ನು ಸ್ಥಳದಲ್ಲೇ ಅಳೆಯುವ ವಿಧಾನಗಳು' ಎಂಬಂತಹ ಒಂದು ಸಾಲು ಮತ್ತು ನೀವು ಈಗಾಗಲೇ ಮಾತನಾಡಿದ ಒಂದೆರಡು ವಿಷಯಗಳ ಶೀರ್ಷಿಕೆ ಇರಲಿ.

ಸಹ ಸಂಶೋಧಕ: ನನ್ನದು ಬೇರೆ ಕಥೆ. ಸಂಸ್ಥೆ ಬದಲಿಸಿದ ಮೇಲೆ ಹಳೆಯ ಇಮೇಲ್ ನಿಂತುಹೋಯಿತು. ಲೇಖನಗಳಲ್ಲಿ ಇದ್ದದ್ದು ಅದೇ ವಿಳಾಸ. ಜಂಟಿ ಯೋಜನೆಗೆಂದು ಒಬ್ಬರು ಬರೆದ ಪತ್ರ ವಾಪಸ್ಸಾಗಿತ್ತೆಂದು ವರ್ಷದ ನಂತರ ತಿಳಿಯಿತು.

ಗ್ರಂಥಪಾಲಕಿ: ಅದಕ್ಕೇ ORCID ಖಾತೆಗೆ ಸ್ವಂತ ಇಮೇಲನ್ನೂ ಸೇರಿಸಿಡಬೇಕು. ಸಂಸ್ಥೆ ಬದಲಾದರೂ ಆ ಗುರುತು ಬದಲಾಗುವುದಿಲ್ಲ.

ಪ್ರಾಧ್ಯಾಪಕರು: ಒಪ್ಪಿದೆ. ಆದರೂ ನನಗೆ ಬಂದ ಕರೆಗಳೆಲ್ಲ ಲಿಂಕ್ಡ್‌ಇನ್ ಬರಹಗಳನ್ನು ಓದಿದವರಿಂದಲೇ ಬಂದವು.

ಗ್ರಂಥಪಾಲಕಿ: ನಿಮ್ಮ ಕ್ಷೇತ್ರದಲ್ಲಿ ಹಾಗಿರಬಹುದು. ನಾನು ಕಂಡ ಹೆಚ್ಚಿನವರಿಗೆ ಕರೆ ಬಂದದ್ದು, ಅವರೇ ಯಾರದೋ ಲೇಖನ ಓದಿ ಒಂದು ಖಚಿತ ಪ್ರಶ್ನೆ ಬರೆದು ಕಳುಹಿಸಿದ ನಂತರ.

ಸಂಶೋಧಕಿ: ಹೆಸರಿನ ಎರಡು ರೂಪಗಳಲ್ಲಿ ಆರು ಲೇಖನಗಳು ಸಿಕ್ಕವು, ಸೇರಿಸಿದೆ. ಉಳಿದ ಒಂದರಲ್ಲಿ ಪತ್ರಿಕೆಯವರೇ ನನ್ನ ಹೆಸರಿನ ಕಾಗುಣಿತವನ್ನು ತಪ್ಪಾಗಿ ಅಚ್ಚು ಮಾಡಿದ್ದಾರೆ. ತಿದ್ದುವರೇ?

ಗ್ರಂಥಪಾಲಕಿ: ಸಂಪಾದಕರಿಗೆ ಲೇಖನದ ಡಿಒಐ ಸಹಿತ ಬರೆಯಿರಿ. ಕೆಲವರು ತಿದ್ದುಪಡಿ ಪ್ರಕಟಿಸುತ್ತಾರೆ, ಕೆಲವರು ಉತ್ತರಿಸುವುದೇ ಇಲ್ಲ. ಅಷ್ಟರಲ್ಲಿ ಆ ಲೇಖನವನ್ನು ಡಿಒಐ ಮೂಲಕ ನಿಮ್ಮ ORCID ಪುಟಕ್ಕೆ ಸೇರಿಸಿಕೊಳ್ಳಿ.