ಸಹಾಯ ಬೇಕು: ಕೆಲಸ ಬಿಡುತ್ತಿರುವವರ ಇಮೇಲಿನಲ್ಲಿ ಸಂಸ್ಥೆಯ ಖಾತೆಗಳು

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ ನಮ್ಮದು ಅಡಿಕೆ ವ್ಯಾಪಾರದ ಸಣ್ಣ ಸಂಸ್ಥೆ. ಆರು ವರ್ಷ ಕಚೇರಿ ನೋಡಿಕೊಂಡ ಸಹೋದ್ಯೋಗಿ ಈ ತಿಂಗಳ ಕೊನೆಗೆ ಕೆಲಸ ಬಿಡುತ್ತಿದ್ದಾರೆ. ಜಾಲತಾಣದ ಡೊಮೈನ್, ಗೂಗಲ್ ಮ್ಯಾಪಿನಲ್ಲಿರುವ ಅಂಗಡಿಯ ಪುಟ, ಎರಡೂ ಅವರ ಕಚೇರಿ ಇಮೇಲಿನಲ್ಲೇ ಇವೆ.

ನನಗೆ ಹೆಚ್ಚು ಭಯವಿರುವುದು ಡೊಮೈನಿನದು. ಆ ಇಮೇಲ್ ನಡೆಯುವುದೇ ಅದೇ ಡೊಮೈನಿನ ಮೇಲೆ. ನವೀಕರಣ ತಪ್ಪಿದರೆ ಇಮೇಲ್ ನಿಲ್ಲುತ್ತದೆ, ಪಾಸ್‌ವರ್ಡ್ ಬದಲಿಸುವ ಕೊಂಡಿಯೂ ನಮಗೆ ತಲುಪುವುದಿಲ್ಲ. ಒಟಿಪಿ ಹೋಗುವುದು ಅವರ ಸ್ವಂತ ಮೊಬೈಲಿಗೆ. ಆದ್ದರಿಂದ ಈ ಖಾತೆಗೆ ಬೇರೆ ಡೊಮೈನಿನ ಇಮೇಲ್ ಮತ್ತು ಕಚೇರಿಯ ಸಿಮ್ ಕೊಟ್ಟು, ಅವರು ಇರುವಾಗಲೇ ಒಮ್ಮೆ ಹೊರಬಂದು ಮತ್ತೆ ಒಳಹೋಗಿ ಪರೀಕ್ಷಿಸಬೇಕೆಂದಿದ್ದೇನೆ.

ಮ್ಯಾಪಿನ ಪುಟಕ್ಕೆ ನನ್ನನ್ನು ಮಾಲೀಕನಾಗಿ ಇಂದೇ ಸೇರಿಸಿದೆವು. ಹೊಸ ಮಾಲೀಕನಿಗೆ ಮುಖ್ಯ ಒಡೆತನ ವರ್ಗಾಯಿಸಲು 7 ದಿನ ಕಾಯಬೇಕು, ಕೊನೆಯ ದಿನ ಮಾಡುವ ಕೆಲಸವಲ್ಲ ಅದು.

ಅವರ ಇಮೇಲನ್ನು ಅಳಿಸುವುದಿಲ್ಲ. ಗೂಗಲ್ ವರ್ಕ್‌ಸ್ಪೇಸಿನಲ್ಲಿ ಅಳಿಸಿದ ಬಳಕೆದಾರರನ್ನು 20 ದಿನಗಳೊಳಗೆ ಮಾತ್ರ ಮರಳಿ ಪಡೆಯಬಹುದು, ವರ್ಷಕ್ಕೊಮ್ಮೆ ಬರುವ ಬಿಲ್ಲಿಗೆ ಅದು ಸಾಲದು. ಪಾಸ್‌ವರ್ಡ್ ಬದಲಿಸಿ ಒಂದು ವರ್ಷ ಹಾಗೇ ಇಡುವ ಯೋಚನೆ.

ನಾವು ಮರೆತ ಖಾತೆಗಳನ್ನು ಪತ್ತೆಹಚ್ಚಲು ಅವರ ಇನ್‌ಬಾಕ್ಸಿನಲ್ಲಿ ಯಾವ ಪದಗಳನ್ನು ಹುಡುಕಬೇಕು? ‘ರಶೀದಿ’, ‘ನವೀಕರಣ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಬರುವ ಪದಗಳನ್ನು ಅವರೇ ಕುಳಿತು ಹುಡುಕಿದ್ದಾರೆ. ಇದನ್ನು ಮಾಡಿದ ಅನುಭವವಿರುವವರು ದಯವಿಟ್ಟು ತಿಳಿಸಿ.