ಸೆಕೆಂಡ್ ಹ್ಯಾಂಡ್ ಕಾರು: ಎನ್‌ಸಿಬಿ 20ಕ್ಕೆ ಇಳಿದಿದೆ, ಏನರ್ಥ?

ಕೇಳಿದವರು: 2019ರ ಜೂನ್ ರಿಜಿಸ್ಟ್ರೇಷನ್, ಒಬ್ಬರೇ ಓನರ್. 2024ರ ಪಾಲಿಸಿಯಲ್ಲಿ ಎನ್‌ಸಿಬಿ, ಅಂದ್ರೆ ಕ್ಲೇಮ್ ಮಾಡದಿದ್ರೆ ಪ್ರೀಮಿಯಂನಲ್ಲಿ ಸಿಗೋ ನೋ ಕ್ಲೇಮ್ ಬೋನಸ್, 20 ಪರ್ಸೆಂಟ್. "ಒಂದು ಗೀರೂ ಬಿದ್ದಿಲ್ಲ" ಅಂತಾರೆ. ನಂಬಬಹುದಾ? ಅನುಭವ ಇದ್ದವರು ಹೇಳಿ.

ಹಳೇ ಸರ್ವೇಯರ್: ಕ್ಲೇಮ್ ಇಲ್ಲದಿದ್ರೆ ರಿನ್ಯೂವಲ್‌ನಿಂದ ರಿನ್ಯೂವಲ್‌ಗೆ 20, 25, 35, 45, 50. ನಿಮ್ಮ ಗಾಡಿ 2024ರಲ್ಲಿ 50ಕ್ಕೆ ಬರಬೇಕಿತ್ತು. ಈಗ 20 ಅಂದ್ರೆ 2023ರಲ್ಲಿ ಸೊನ್ನೆ. ಅಂದ್ರೆ ಕ್ಲೇಮ್ ಆಗಿದ್ದು 2022ರ ಜೂನ್‌ನಿಂದ 2023ರ ಜೂನ್ ಒಳಗೆ. ಇನ್ನೊಂದು ಲೆಕ್ಕ ನೋಡಿ. ನಮ್ಮದೇ ಗಾಡಿಯ ಡ್ಯಾಮೇಜಿಗೆ ಕಟ್ಟೋ ಓನ್ ಡ್ಯಾಮೇಜ್ ಪ್ರೀಮಿಯಂ ವರ್ಷಕ್ಕೆ 8,000 ಅಂತಿಟ್ಟುಕೊಳ್ಳಿ. 2023ರಿಂದ 50ಕ್ಕೆ ವಾಪಸ್ ಹತ್ತೋವರೆಗೆ ವರ್ಷ ವರ್ಷ ಕಳೆದುಕೊಳ್ಳೋದು 45, 30, 25, 15, 5, ಒಟ್ಟು 120 ಪರ್ಸೆಂಟ್, ಅಂದ್ರೆ 9,600 ರೂಪಾಯಿ. ಬಂಪರ್ ಗೀರಿಗೆ ಯಾರೂ ಇಷ್ಟು ಬಿಟ್ಟುಕೊಡಲ್ಲ. ಬಿಲ್ ಅದಕ್ಕಿಂತ ದೊಡ್ಡದೇ ಇರಬೇಕು.

ಕೆಂಪು ಸ್ವಿಫ್ಟ್: ಸಿಂಪಲ್. 50 ಇರೋ ಗಾಡಿ ತಗೊಳ್ಳಿ, ಅದಕ್ಕೆ ಆಕ್ಸಿಡೆಂಟೇ ಆಗಿರಲ್ಲ. ನಾನು ತಗೊಂಡಿದ್ದೂ ಹಾಗೇ.

ಹಳೇ ಸರ್ವೇಯರ್: ಅರ್ಧ ಸತ್ಯ ಸ್ವಾಮಿ. ಎನ್‌ಸಿಬಿ ಪ್ರೊಟೆಕ್ಟ್ ಆಡ್-ಆನ್ ಇದ್ರೆ ಕ್ಲೇಮ್ ಆದರೂ ಇಳಿಯಲ್ಲ. ಎದುರಿನವರ ಥರ್ಡ್ ಪಾರ್ಟಿ ಕ್ಲೇಮಿಗೂ ಇಳಿಯಲ್ಲ. ಕ್ಯಾಶ್ ಕೊಟ್ಟು ಮಾಡಿಸಿದ್ದು ಕಾಗದದಲ್ಲೇ ಬರಲ್ಲ. ನಿಮ್ಮ ಗಾಡಿಯ ಫೆಂಡರ್ ಬೋಲ್ಟ್ ಮೇಲೆ ಪೇಂಟ್ ಒಡೆದು ಸ್ಪ್ಯಾನರ್ ಗುರುತು ಬಿದ್ದಿದೆಯಾ, ಒಮ್ಮೆ ಬಾನೆಟ್ ಎತ್ತಿ ನೋಡಿ.

ಕೆಂಪು ಸ್ವಿಫ್ಟ್: ನಮ್ಮ ಗಾಡಿ ವಿಷ್ಯ ಇಲ್ಲಿ ಯಾಕೆ?

ಗ್ಯಾರೇಜ್ ಅಮ್ಮ: ನೀವೇ ತಂದಿದ್ದಲ್ವಾ! ನಾನು 18,000 ಕೈಯಿಂದ ಕೊಟ್ಟು ಹೆಡ್‌ಲ್ಯಾಂಪ್, ಬಂಪರ್, ಫೆಂಡರ್ ಹಾಕಿಸಿ 50 ಉಳಿಸಿಕೊಂಡೆ. ಈಗ ಮಾರುವಾಗ ಆ ಬೋನಸ್ ನನ್ನ ಹೊಸ ಕಾರಿಗೇ, ಕೊಳ್ಳೋರಿಗೆ ಸಿಗಲ್ಲ. ಅದನ್ನ ತೋರಿಸಿ ಹೆಚ್ಚಿಗೆ ರೇಟ್ ಕೇಳಿದ್ರೆ ಒಪ್ಪಬೇಡಿ.

ಹಳೇ ಸರ್ವೇಯರ್: 9,600 ಉಳಿಸೋಕೆ 18,000 ಕೊಟ್ರಾ?

ಗ್ಯಾರೇಜ್ ಅಮ್ಮ: ನನ್ನ ಪ್ರೀಮಿಯಂ ನಿಮ್ಮ 8,000 ಅಲ್ಲ ಸಾರ್. ಗೊತ್ತಿಲ್ದೆ ಮಾತಾಡಬೇಡಿ.

ಕೇಳಿದವರು: ಓನರ್ ಈಗ ಬೇರೆ ಕಥೆ ಹೇಳ್ತಿದಾರೆ: 2023ರಲ್ಲಿ ನಾಲ್ಕು ತಿಂಗಳು ಪ್ರೀಮಿಯಂ ಕಟ್ಟಿರಲಿಲ್ಲ, ಅದಕ್ಕೇ ಬೋನಸ್ ಹೋಯ್ತಂತೆ.

ಹಳೇ ಸರ್ವೇಯರ್: 90 ದಿನ ದಾಟಿದ್ರೆ ಹೋಗೋದು ನಿಜ. 2022 ಮತ್ತು 2023ರ ಎರಡೂ ಪಾಲಿಸಿ ಕೇಳಿ. ಹಳೇದು ಜೂನ್‌ಗೆ ಮುಗಿದು ಹೊಸದು ಅಕ್ಟೋಬರ್‌ನಲ್ಲಿ ಶುರುವಾಗಿದ್ರೆ ಕಥೆ ಸರಿ. ತಾರೀಕು ಮಾರನೇ ದಿನಕ್ಕೇ ಅಂಟಿಕೊಂಡಿದ್ರೆ ಸುಳ್ಳು. ಯಾವುದಾದರೂ ಆಗ್ಲಿ, ಅವರ ರಿಜಿಸ್ಟರ್ಡ್ ಮೇಲ್‌ನಿಂದಲೇ 2022ರ ಇನ್ಶೂರೆನ್ಸ್ ಕಂಪನಿಗೆ ಕ್ಲೇಮ್ ಹಿಸ್ಟರಿ ಕೇಳಿಸಿ, ನಿಮ್ಮೆದುರಿಗೇ. ಕ್ಲೇಮ್ ಇದ್ರೆ ಫೈನಲ್ ಬಿಲ್ ನೋಡಿ. ಬಂಪರ್, ಗ್ಲಾಸ್ ಇದ್ರೆ ರೇಟ್ ಇಳಿಸಿ ಮಾತಾಡಬಹುದು. ಏರ್‌ಬ್ಯಾಗ್, ಇಲ್ಲಾ ಬಾಡಿಯ ಚೌಕಟ್ಟಿಗೇ ಸೇರಿದ ಏಪ್ರನ್, ಪಿಲ್ಲರ್ ಕಂಡ್ರೆ ಟೋಕನ್ ಕೊಡಬೇಡಿ.

ಕೇಳಿದವರು: ಮೇಲ್ ಪಾಸ್‌ವರ್ಡ್ ಮರೆತಿದೆ ಅಂತಾರೆ.

ಕೆಂಪು ಸ್ವಿಫ್ಟ್: 😄 ಸರ್ವೇಯರ್ ಸಾಹೇಬ್ರೆ, ಬೋಲ್ಟ್ ನೋಡಿದೆ. ಎಡಗಡೆ ಎರಡರಲ್ಲಿ ಪೇಂಟ್ ಕಿತ್ತಿದೆ. ಅದು ಫ್ಯಾಕ್ಟರಿಯಿಂದಲೇ ಇರಬಹುದಲ್ವಾ?